ಸತುವಿನಿಂದ ತಾಮ್ರಕ್ಕೆ

ನನ್ನ ಅಂಗಡಿಯ ಅಟ್ಟದಲ್ಲಿ, ಸತ್ತ ಬ್ಯಾಟರಿಗಳ ಹಿಂದೆ, ಒಂದು ಪ್ಲೈವುಡ್ ಹಲಗೆ ಬಹಳ ವರ್ಷ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಎರಡು ಗಾಜಿನ ಪಾತ್ರೆಗಳ ಚಿತ್ರ, ಎರಡು ಪಟ್ಟಿ, ನಡುವೆ ಬಾಗಿದ ಒಂದು ಸೇತುವೆ, ಮೇಲೊಂದು ತಂತಿ. ತಂತಿಯ ಪಕ್ಕದಲ್ಲಿ ಕೆಂಪು ಬಣ್ಣದ ಒಂದು ಬಾಣ. ಚಿತ್ರವೆಲ್ಲ ನನ್ನ ತಂಗಿಯದು. ಬಾಣ ಮಾತ್ರ ನನ್ನದು.

ಅವರ್ಸಾದಲ್ಲಿ ನಮ್ಮ ಮನೆ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಇತ್ತು. ಒಂದು ಕಿವಿಗೆ ಲಾರಿ, ಇನ್ನೊಂದು ಕಿವಿಗೆ ತೆರೆ. ಅಪ್ಪ ಬೋಟಿಗೆ ಹೋಗುತ್ತಿದ್ದ, ಆಯಿ ಅಂಕೋಲೆಯ ಮಾರ್ಕೆಟ್ಟಿಗೆ ಮೀನಿನ ಬುಟ್ಟಿ ಒಯ್ಯುತ್ತಿದ್ದಳು. ನನಗೆ ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟುಹೋಯಿತು. ಯಾರೂ ಬಿಡಿಸಲಿಲ್ಲ, ಒಂದು ಮಳೆಗಾಲ ಬೈತಖೋಲದ ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡುವವನ ಜೊತೆ ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ, ಅಷ್ಟೇ. ಬ್ಯಾಟರಿ, ಡೈನಮೋ, ದೀಪ, ಮೀನು ಹುಡುಕುವ ಯಂತ್ರದ ತಂತಿ, ಇವು ನನ್ನ ವಿದ್ಯೆಯಾದವು. ಕೈ ಚುರುಕಾಗಿತ್ತು. ಆಮೇಲೆ ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣದೊಂದು ಅಂಗಡಿ ಮಾಡಿಕೊಂಡೆ.

ನನಗಿಂತ ಬಹಳ ಚಿಕ್ಕವಳಾದ ತಂಗಿ ಓದಿನಲ್ಲಿ ಮುಂದೆ. ಅವಳು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಆಯಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನಾನೂ ಅಂಗಡಿಗೆ ಬಂದವರಿಗೆ ಹೇಳಿದೆ. ಆದರೆ ಅವಳ ಪುಸ್ತಕಗಳು ಇಂಗ್ಲಿಷಿಗೆ ತಿರುಗಿದ ಮೇಲೆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಮೊದಲು ಲೆಕ್ಕ ಬಾರದಿದ್ದರೆ ನನ್ನ ಹತ್ತಿರ ಬರುತ್ತಿದ್ದವಳು ಈಗ ಬರುತ್ತಿರಲಿಲ್ಲ. ಬರುವ ಕಾರಣವೇ ಇರಲಿಲ್ಲ. ಅದು ನನಗೆ ಚುಚ್ಚುತ್ತಿತ್ತು ಎಂದು ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಹಾಗಾಗಿ ಎರಡನೆಯ ವರ್ಷದಲ್ಲಿ ಒಂದು ಸಂಜೆ ಅವಳು ಅಂಗಡಿಗೇ ಬಂದು, ತನಗೊಂದು ಮಾದರಿ ಮಾಡಲು ಸಹಾಯ ಬೇಕು ಎಂದಾಗ ನಾನು ಕೈಲಿದ್ದ ಕೆಲಸ ಬಿಟ್ಟು ಎದ್ದೆ. ಕಾರವಾರದ ಒಂದು ಕಾಲೇಜಿನಲ್ಲಿ ಜಿಲ್ಲೆಯ ಹುಡುಗರ ವಿಜ್ಞಾನ ಮಾದರಿಗಳ ಸ್ಪರ್ಧೆ. ಮೊದಲು ಬಂದವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಅಲ್ಲಿ ಒಂದು ದೊಡ್ಡ ಪ್ರಯೋಗಾಲಯದಲ್ಲಿ ವಾರ ಕಾಲ ಇರಿಸಿಕೊಳ್ಳುತ್ತಾರೆ. ಅವಳ ಕಾಲೇಜಿನಿಂದ ರಸಾಯನಶಾಸ್ತ್ರದ ಮೇಡಂ ಅವಳೊಬ್ಬಳ ಹೆಸರು ಕಳಿಸಿದ್ದರು. ನಿಜವಾದ ಪ್ರಯೋಗಾಲಯ ಹೇಗಿರುತ್ತದೆ ಎಂದು ನೋಡುವ ಆಸೆ ಅವಳಿಗೆ ಎಷ್ಟಿತ್ತೆಂದರೆ, ಮೈಸೂರು ಎನ್ನುವಾಗ ಅರಮನೆಯ ಮಾತನ್ನೇ ಎತ್ತುತ್ತಿರಲಿಲ್ಲ.

ಅವಳು ಮಾಡಬೇಕೆಂದದ್ದು ಗ್ಯಾಲ್ವಾನಿಕ್ ಕೋಶ. ಪುಸ್ತಕದ ಚಿತ್ರ ತೋರಿಸಿ ವಿವರಿಸಿದಳು. ಎಡಗಡೆ ಪಾತ್ರೆಯಲ್ಲಿ ಸತುವಿನ ಸಲ್ಫೇಟ್ ಕರಗಿಸಿದ ನೀರು, ಅದರಲ್ಲಿ ಸತುವಿನ ಪಟ್ಟಿ. ಬಲಗಡೆ ಪಾತ್ರೆಯಲ್ಲಿ ಮೈಲುತುತ್ತದ ನೀಲಿ ನೀರು, ಅದರಲ್ಲಿ ತಾಮ್ರದ ಪಟ್ಟಿ. ಮೇಲಿಂದ ಎರಡೂ ಪಟ್ಟಿಗಳನ್ನು ಜೋಡಿಸುವ ತಂತಿ. ಎರಡು ಪಾತ್ರೆಗಳ ನಡುವೆ, ಎರಡರಲ್ಲೂ ಕಾಲು ಅದ್ದಿಕೊಂಡು ಕೂತ ಹಾಗೆ, ಉಪ್ಪಿನ ಸೇತುವೆ.

ಸಾಮಾನು ಒಟ್ಟು ಮಾಡಿದ ದಿನಗಳು ನಮ್ಮಿಬ್ಬರ ಬದುಕಿನಲ್ಲೇ ಚೆಂದದ ದಿನಗಳು. ಮೈಲುತುತ್ತ ಮತ್ತು ಸತುವಿನ ಸಲ್ಫೇಟ್ ಎರಡೂ ಗೊಬ್ಬರದ ಅಂಗಡಿಯಲ್ಲೇ ಸಿಕ್ಕಿದವು. ತಾಮ್ರ ನನ್ನಲ್ಲಿತ್ತು. ಉಪ್ಪಿನ ಸೇತುವೆಗೆ ಬಾಗಿದ ಗಾಜಿನ ಕೊಳವೆ ಬೇಕು ಎಂದಳು; ಅದು ಸಿಗದೆ ಆಯಿಯ ಹಳೆಯ ಹತ್ತಿ ಸೀರೆಯ ಅಂಚನ್ನು ಹರಿದು, ಹೊಸೆದು, ಉಪ್ಪುನೀರಿನಲ್ಲಿ ನೆನೆಸಿದೆವು. ಸೀರೆ ಹರಿಯುವ ಸದ್ದಿಗೆ ಆಯಿ ಒಳಗಿಂದ ಬಂದು, ಅದನ್ನು ಉಟ್ಟುಕೊಂಡು ಇನ್ನೊಂದು ಮದುವೆಗೆ ಹೋಗುವ ವಿಚಾರ ಇತ್ತು, ಈಗ ನಿಮ್ಮ ನೀರಿನ ಮದುವೆ ಮಾಡಿ ಎಂದು ಬಯ್ದಳು. ತಂಗಿ ನಕ್ಕು ನಕ್ಕು ಕೈಯಲ್ಲಿದ್ದ ಉಪ್ಪುನೀರು ಚೆಲ್ಲಿದಳು.

ಸತುವಿಗೆ ನಾನೊಂದು ಉಪಾಯ ಮಾಡಿದೆ. ಬೋಟಿನ ತಳದಲ್ಲಿ, ಪ್ರೊಪೆಲ್ಲರಿನ ಹತ್ತಿರ, ಸತುವಿನ ಗಟ್ಟಿಗಳನ್ನು ಬಡಿದಿರುತ್ತಾರೆ. ಸಮುದ್ರದ ನೀರು ಆ ಸತುವನ್ನು ತಿನ್ನುತ್ತದೆ, ಹಿತ್ತಾಳೆಯಂಥ ಪ್ರೊಪೆಲ್ಲರ್, ಕಬ್ಬಿಣದ ಚುಕ್ಕಾಣಿ ಉಳಿಯುತ್ತವೆ. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದಾಗ ತಿಂದುಹೋದ ಗಟ್ಟಿ ಬಿಚ್ಚಿ ಹೊಸದು ಹಾಕುವುದು ಪದ್ಧತಿ. ತಳಕ್ಕೆಲ್ಲ ಬಣ್ಣ ಬಳಿದರೂ ಸತುವಿಗೆ ಬಳಿಯುವುದಿಲ್ಲ. ಬಳಿದರೆ ಅದು ಸವೆಯುವುದಿಲ್ಲ, ಬೇರೆಯದು ಸವೆಯುತ್ತದೆ. ಅಪ್ಪನ ಬೋಟಿನಿಂದ ಬಿಚ್ಚಿದ ಅಂಥ ಎರಡು ಗಟ್ಟಿ ಅಂಗಡಿಯಲ್ಲಿ ಬಿದ್ದಿದ್ದವು. ಒಂದರಿಂದ ಗರಗಸದಲ್ಲಿ ಪಟ್ಟಿ ಕೊಯ್ದು ಕೊಟ್ಟೆ. ಇನ್ನೊಂದನ್ನು ಅವಳು ಹಾಗೇ ಕೇಳಿದಳು. ಒಂದು ಕಾಲದಲ್ಲಿ ಇಟ್ಟಿಗೆಯಷ್ಟು ದಪ್ಪವಿದ್ದದ್ದು ಇಲಿ ಕಚ್ಚಿದ ಬೆಲ್ಲದ ಅಚ್ಚಿನ ಹಾಗೆ ಆಗಿತ್ತು. ಅವಳು ಅದನ್ನು ಕೈಯಲ್ಲಿ ತಿರುಗಿಸುತ್ತ, ಪುಸ್ತಕದಲ್ಲಿ ಓದಿದ್ದು ನಮ್ಮ ಬೋಟಿನ ಕೆಳಗೇ ನಡೆಯುತ್ತಿತ್ತಲ್ಲ ಅಣ್ಣ ಎಂದಳು.

ಕೋಶ ಜೋಡಿಸಿ ಮೊದಲು ಟಾರ್ಚಿನ ಬಲ್ಬು ಹಚ್ಚಲು ನೋಡಿದೆ. ಹತ್ತಲಿಲ್ಲ. ಅಷ್ಟು ಶಕ್ತಿ ಇಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ವೋಲ್ಟ್ ಅಳೆಯುವ ಮೀಟರಿಗೆ ಹಚ್ಚಿದೆ. ಕೆಂಪು ಕಡ್ಡಿ ತಾಮ್ರಕ್ಕೆ, ಕಪ್ಪು ಕಡ್ಡಿ ಸತುವಿಗೆ. ಒಂದು ವೋಲ್ಟಿಗಿಂತ ತುಸು ಹೆಚ್ಚು ತೋರಿಸಿತು. ಸೀರೆಯ ಅಂಚನ್ನು ಎತ್ತಿದರೆ ಸೊನ್ನೆಯ ಕಡೆ ಬಿತ್ತು, ಮತ್ತೆ ಅದ್ದಿದರೆ ಎದ್ದು ನಿಂತಿತು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಈಗಲೂ ನೆನಪಿದೆ. ಸತುವಿನ ಪಾತ್ರೆಯಲ್ಲಿ ಪ್ಲಸ್ ಹೆಚ್ಚಾಗುತ್ತ ಹೋಗುತ್ತದೆ, ತಾಮ್ರದ ಪಾತ್ರೆಯಲ್ಲಿ ಪ್ಲಸ್ ಕಡಿಮೆಯಾಗುತ್ತ ಹೋಗುತ್ತದೆ; ಉಪ್ಪಿನ ಒಂದು ಭಾಗ ಆ ಕಡೆ, ಇನ್ನೊಂದು ಭಾಗ ಈ ಕಡೆ ಹೋಗಿ ಎರಡನ್ನೂ ಸಮ ಮಾಡುತ್ತದೆ; ಸೇತುವೆ ಇಲ್ಲದಿದ್ದರೆ ಎಲ್ಲ ಅಲ್ಲೇ ಕಟ್ಟಿಕೊಳ್ಳುತ್ತದೆ. ನಾನು ಆ ಮೀಟರನ್ನು ದಿನಾ ಹಿಡಿಯುವವನು. ಅದು ತೋರಿಸುವುದರ ಹಿಂದೆ ಏನು ನಡೆಯುತ್ತದೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು.

ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಅವಳು ಜಗಲಿಯಲ್ಲಿ ಕೂತು ಹಲಗೆಯ ಮೇಲೆ ಚಿತ್ರ ಬರೆದು ಭಾಗಗಳ ಹೆಸರು ಬರೆಯುತ್ತಿದ್ದಳು. ಮಾದರಿಯ ಹಿಂದೆ ನಿಲ್ಲಿಸುವ ಹಲಗೆ. ಎಲ್ಲ ಮುಗಿದು ತಂತಿಯ ಬಳಿ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿದ್ದಳು. ಸತುವಿನಿಂದ ತಾಮ್ರದ ಕಡೆಗೆ. ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಇ ಅಕ್ಷರ, ಅದರ ತಲೆಯ ಮೇಲೊಂದು ಗೀಟು. ಬೋಟಿನ ಹೆಸರು ಬರೆಯುವ ಕೆಂಪು ಎನಾಮಲ್ ಡಬ್ಬಿ ನಾನು ತಂದಿದ್ದೆ. ಬಾಣವನ್ನು ಅದರಲ್ಲಿ ತಿದ್ದಿಕೊಡುವುದು ನನ್ನ ಕೆಲಸ.

ನಾನು ಬಾಣ ತಿರುಗಾಮುರುಗಾ ಆಗಿದೆ ಎಂದೆ.

"ಇಲ್ಲಾ ಅಣ್ಣ, ಸರಿ ಅದೆ," ಅಂದಳು.

ನಾನು ಮೀಟರ್ ತಂದು ತೋರಿಸಿದೆ. ಕೆಂಪು ತಾಮ್ರದ ಮೇಲಿದೆ. ತಾಮ್ರ ಪ್ಲಸ್. ಯಾವ ಬೋಟಿನ ಬ್ಯಾಟರಿಯಾದರೂ ಕರೆಂಟು ಪ್ಲಸ್‌ನಿಂದ ಹೊರಟು ದೀಪಕ್ಕೆ ಹೋಗಿ ಮೈನಸ್‌ಗೆ ಬರುತ್ತದೆ. ಫ್ಯೂಸು ಕೆಂಪು ತಂತಿಗೆ ಹಾಕುತ್ತೇವೆ, ಕಪ್ಪಿಗಲ್ಲ. ಅವಳು, ಪುಸ್ತಕದಲ್ಲಿ ಹೀಗೇ ಇದೆ, ಇದು ಎಲೆಕ್ಟ್ರಾನ್ ಹೋಗುವ ದಾರಿ ಎಂದು ಹೇಳಲು ನೋಡಿದಳು.

"ಎಲೆಕ್ಟ್ರಾನೋ ಪಿಲೆಕ್ಟ್ರಾನೋ, ತಂತಿಯೊಳಗೆ ಹೋಗೂದು ಕರೆಂಟೇ ಅಲ್ಲನೇ? ನಾ ಎಷ್ಟ್ ಬೋಟಿಗೆ ವೈರಿಂಗ್ ಮಾಡ್ದೆ? ಒಂದಾದ್ರೂ ಸುಟ್ಟೋಗ್ಯದಾ? ಪುಸ್ತಕ ಬರ್ದವ ಬೈತಖೋಲಕ್ಕೆ ಬಂದಿದ್ನಾ?"

ಒಳಗೆ ಮೀನು ಕೊಯ್ಯುತ್ತಿದ್ದ ಆಯಿ, ಅಣ್ಣ ಹೇಳಿದ್ದು ಕೇಳು ಮಾರಾಯ್ತಿ, ಅವನ ಅನ್ನವೇ ಅದು ಎಂದಳು. ತಂಗಿ ಪುಸ್ತಕ ತರಲು ಎದ್ದಳು. ಅವಳು ಬರುವ ಮೊದಲೇ ನಾನು ಬ್ರಶ್ ಅದ್ದಿ, ತಾಮ್ರದಿಂದ ಸತುವಿನ ಕಡೆಗೆ ದಪ್ಪ ಬಾಣ ಎಳೆದುಬಿಟ್ಟಿದ್ದೆ. ಇ ಅಕ್ಷರವನ್ನೂ ಗೀಟನ್ನೂ ಕೆಂಪಿನಲ್ಲಿ ಚೆಂದ ಮಾಡಿ ತಿದ್ದಿದೆ. ಅವಳು ಪುಸ್ತಕ ಎದೆಗೆ ಅವುಚಿಕೊಂಡು ಬಂದು ನಿಂತಳು. ನಾನು ಅವಳನ್ನು ನೋಡಲಿಲ್ಲ. ಆಮೇಲೆ, ನಿನಗೆ ಗೊತ್ತಿರುತ್ತದೆ ಬಿಡು ಎಂದಳು. ಆ ಮಾತು ಕೇಳಿ ನನಗಾದ ಖುಷಿ ಎಂಥದು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಬಹಳ ದಿನದ ಮೇಲೆ ಅವಳು ನನ್ನ ಮಾತು ಕೇಳಿದ್ದಳು.

ಇದಿಷ್ಟೇ ಆಗಿದ್ದರೆ ಗೊತ್ತಿಲ್ಲದವನ ತಪ್ಪು ಎನ್ನಬಹುದಿತ್ತು. ನಾನು ಯಾರಿಗೂ ಹೇಳದ ಸಂಗತಿ ಮರುದಿನ ಬೆಳಿಗ್ಗೆಯದು.

ಅವಳು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಳು. ಪುಸ್ತಕ ಜಗಲಿಯ ಮೇಲೆ ತೆರೆದೇ ಇತ್ತು. ಚಹಾದ ಲೋಟ ಹಿಡಿದು ಬಗ್ಗಿ ನೋಡಿದೆ. ಇಂಗ್ಲಿಷ್ ಪುಸ್ತಕ ಓದಲು ಬಾರದಿದ್ದರೂ ಅಕ್ಷರ ಗೊತ್ತು, ಶಾಲೆಯಲ್ಲಿ ಕಲಿತದ್ದು ಬೋಟಿನ ನಂಬರು, ಬ್ಯಾಟರಿಯ ಮೇಲಿನ ಬರಹ ನೋಡಿ ನೋಡಿ ಉಳಿದದ್ದು. ಚಿತ್ರದಲ್ಲಿ ಬಾಣ ಒಂದಲ್ಲ, ಎರಡಿದ್ದವು. ಒಂದು ಸತುವಿನಿಂದ ತಾಮ್ರಕ್ಕೆ, ಅದರ ಪಕ್ಕ ಇ ಅಕ್ಷರ ಮತ್ತು ಗೀಟು. ಇನ್ನೊಂದು ತಾಮ್ರದಿಂದ ಸತುವಿಗೆ, ಅದರ ಪಕ್ಕ ಇಂಗ್ಲಿಷಿನಲ್ಲಿ ಕರೆಂಟ್ ಎಂಬ ಶಬ್ದ. ಆ ಶಬ್ದ ನನಗೆ ಓದಲು ಬರುತ್ತಿತ್ತು. ಇ ಅಕ್ಷರದ ತಲೆಯ ಮೇಲಿನ ಗೀಟು ಮೈನಸ್ ಎಂದು ಆಗ ಹೊಳೆಯಿತು. ಬ್ಯಾಟರಿಯ ಕಪ್ಪು ತುದಿಯ ಮೇಲೆ ಇರುವುದೂ ಅದೇ ಗೀಟು. ಮೈನಸ್ ಸಾಮಾನು ಮೈನಸ್ ತುದಿಯಿಂದ ಹೊರಡುತ್ತದೆ. ಕರೆಂಟಿನ ಲೆಕ್ಕ ಅದಕ್ಕೆ ಎದುರು ದಿಕ್ಕಿನದು. ನಾನು ಹೇಳಿದ್ದೂ ಸರಿ, ಅವಳು ಹೇಳಿದ್ದೂ ಸರಿ. ಹಲಗೆಯ ಮೇಲೆ ಮಾತ್ರ ನನ್ನ ಬಾಣಕ್ಕೆ ಅವಳ ಅಕ್ಷರ ಕೂತಿತ್ತು.

ಡಬ್ಬಿಯಲ್ಲಿ ಇನ್ನೂ ಬಣ್ಣವಿತ್ತು. ಬಾಣ ಅಳಿಸುವುದೂ ಬೇಡ, ಆ ಅಕ್ಷರವೊಂದನ್ನು ಮುಚ್ಚಿ ಕರೆಂಟ್ ಎಂದು ಬರೆದಿದ್ದರೆ ಸಾಕಿತ್ತು. ಚಹಾ ಆರುವುದರೊಳಗೆ ಆಗುವ ಕೆಲಸ. ಆದರೆ ಅದಕ್ಕೆ ಅವಳನ್ನು ಕರೆದು, ನಿನ್ನೆ ನಾನು ಹೇಳಿದ್ದು ಪೂರಾ ಅಲ್ಲ ಎನ್ನಬೇಕಿತ್ತು. ಅವಳು ಟವೆಲಿನಿಂದ ಮುಖ ಒರೆಸುತ್ತ ಬಂದು, ಎಂತ ನೋಡುತ್ತಿದ್ದೀ ಎಂದಳು. ಏನಿಲ್ಲ ಎಂದೆ. ಯಾರು ಅಷ್ಟು ಹತ್ತಿರದಿಂದ ಬಾಣ ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು, ಹಲಗೆಗೆ ಗೋಣಿ ಸುತ್ತಿ ಸ್ಕೂಟರಿಗೆ ಕಟ್ಟಿದೆ.

ದಾರಿಯುದ್ದ ಅವಳು ಮಾತಾಡಿದಳು. ಹಿಂದೆ ಕೂತು, ಕೋಶದ ನೀರಿನ ಎರಡು ಬಾಟಲಿ ತೊಡೆಯ ಮೇಲೆ ಅವುಚಿಕೊಂಡು, ಅಮದಳ್ಳಿಯ ತನಕ ತನ್ನ ಉತ್ತರಗಳನ್ನು ಹೇಳಿ ಒಪ್ಪಿಸಿದಳು; ಅರಗಾ ದಾಟುವಾಗ ಮೈಸೂರಿಗೆ ಹೋದರೆ ಸ್ವೆಟರ್ ಬೇಕಾಗುತ್ತದೆಯೋ ಎಂದು ಕೇಳಿದಳು. ಬೇಕಾದರೆ ತೆಗೆದುಕೊಡುತ್ತೇನೆ ಎಂದೆ. ಗುಡ್ಡ ಕಡಿದ ತಿರುವಿಗೆ ಬಂದಾಗ ಚಿಕ್ಕವಳಿದ್ದಾಗಿನ ಹಾಗೆ ಕೂ ಎಂದು ಕೂಗಿ, ಪ್ರತಿಧ್ವನಿ ಕೇಳಿ ನಕ್ಕಳು. ಹೆದ್ದಾರಿಯ ಆ ತುಂಡಿನಲ್ಲಿ ನಾನು ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಆ ತಿರುವು ಬಂದಾಗ ಆ ಕೂಗು ಕೇಳಿದಂತಾಗುತ್ತದೆ.

ಕಾಲೇಜಿನ ಸಭಾಭವನದಲ್ಲಿ ಸಾಲು ಮೇಜು. ಮಾದರಿ ಹೊತ್ತು ತಂದ ಮನೆಯವರು ಗೋಡೆಯ ಬದಿ ನಿಂತಿದ್ದರು, ನಾನೂ ನಿಂತೆ. ಪರೀಕ್ಷಿಸಲು ಬಂದವರು ಸಣ್ಣ ಮೈಯ, ಮೆಲುದನಿಯ ವಯಸ್ಸಾದ ಉಪನ್ಯಾಸಕರು. ನಮ್ಮ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಸೀರೆಯ ಅಂಚಿನ ಸೇತುವೆಯನ್ನು ಎತ್ತಿಸಿ, ಮತ್ತೆ ಅದ್ದಿಸಿ, ಮೀಟರ್ ನೋಡಿ ತಲೆಯಾಡಿಸಿದರು. ಬೋಟಿನ ಸತುವಿನ ಗಟ್ಟಿ ನೋಡಿ ಅವರ ಮುಖ ಅರಳಿತು. ಅದನ್ನು ಕೈಗೆತ್ತಿಕೊಂಡು, ಇದು ಯಾರ ವಿಚಾರ ಎಂದು ಕೇಳಿದರು. ನಮ್ಮ ಅಣ್ಣಂದು ಎಂದು ಅವಳು ನನ್ನ ಕಡೆ ಕೈ ಮಾಡಿದಳು. ಅವರು ನನಗೆ ನಮಸ್ಕಾರ ಮಾಡಿದರು. ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆ ದೂರ ಇದ್ದೀತು.

ಆಮೇಲೆ ಅವರು ಹಲಗೆಯತ್ತ ನೋಡಿದರು.

ಅವರು ಗದರಿಸಲಿಲ್ಲ. ಗಟ್ಟಿಯನ್ನು ಅವಳ ಕೈಗೆ ಕೊಟ್ಟು, "ಇದು ಎಂತಕ್ಕೆ ಸವೆದದ್ದು, ಮಗಾ?" ಎಂದರು.

ಸತುವು ನೀರಿಗೆ ಹೋಗುತ್ತದೆ, ಸರ್ ಎಂದಳು. ಹೋಗುವಾಗ ಏನು ಬಿಟ್ಟು ಹೋಗುತ್ತದೆ ಎಂದರು. ಎಲೆಕ್ಟ್ರಾನ್ ಎಂದಳು. ಬಿಟ್ಟದ್ದು ಎಲ್ಲಿ ಉಳಿಯುತ್ತದೆ? ಸತುವಿನ ಪಟ್ಟಿಯಲ್ಲಿ. ಅಲ್ಲಿಂದ ತಂತಿ ಹಿಡಿದು ಎತ್ತ ಹೋಗಬೇಕು? ತಾಮ್ರದ ಕಡೆ ಎನ್ನುತ್ತಿದ್ದವಳು ಅರ್ಧಕ್ಕೆ ನಿಂತು ಹಲಗೆ ನೋಡಿದಳು.

"ಹಾಗಾದ್ರೆ ಇಲ್ಲಿ ಎಂತ ಆಗ್ಯದೆ? ಬರ್ದದ್ದು ನೀನೇಯಾ?"

ಅವಳು ನನ್ನನ್ನು ನೋಡಿದಳು. ಬಯ್ಯುವ ನೋಟ ಅಲ್ಲ. ಒಂದು ಮಾತು ಬರಬಹುದೇನೋ ಎಂದು ಕಾಯುವ ನೋಟ. ಬಾಣ ನಾನು ಬರೆದದ್ದು, ಅವಳು ಬೇಡ ಅಂದಿದ್ದಳು ಎಂದು ನಾನು ಹೇಳಿದ್ದರೆ ಆ ಮನುಷ್ಯರು ಕೇಳುತ್ತಿದ್ದರು. ನಾನು ನನ್ನ ಚಪ್ಪಲಿಯ ಕಡೆ ನೋಡಿದೆ.

"ಹೌದು ಸರ್. ನಂದೇ ತಪ್ಪು," ಅಂದಳು.

ಅವರು ಪೆನ್ನಿನಲ್ಲಿ ಏನೋ ಗುರುತು ಮಾಡಿಕೊಂಡು, ಚಿತ್ರ ಓದಲು ಬಾರದಿದ್ದರೆ ಮಾದರಿ ಮಾಡಿ ಪ್ರಯೋಜನ ಇಲ್ಲ ಮಗಾ ಎಂದು ಮೆಲ್ಲಗೆ ಹೇಳಿ ಮುಂದಿನ ಮೇಜಿಗೆ ಹೋದರು. ಅವಳಿಗೆ ಎರಡನೆಯ ಸ್ಥಾನ ಬಂತು. ಮೈಸೂರಿಗೆ ಹೋದದ್ದು ಶಿರಸಿ ಕಡೆಯ ಒಬ್ಬ ಹುಡುಗ.

ವಾಪಸು ಬರುವ ಮೊದಲು ಅವಳನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಿ ಐಸ್‌ಕ್ರೀಂ ಕೊಡಿಸಿದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. ನಿನಗೆ ಹೇಗೆ ಗೊತ್ತಾಗಬೇಕು ಅಣ್ಣ, ಬೋಟಿನ ಲೆಕ್ಕ ಬೇರೆ, ಪುಸ್ತಕ ಬೇರೆ. ನಾನೇ ಹಟ ಮಾಡಬೇಕಿತ್ತು ಎಂದಳು. ಆಗಲಾದರೂ ಹೇಳಬಹುದಿತ್ತು. ನಾನು ಐಸ್‌ಕ್ರೀಮಿನ ಕಡ್ಡಿಯಿಂದ ಮರಳಿನ ಮೇಲೆ ಗೀಟು ಎಳೆಯುತ್ತ ಹೂಂ ಎಂದೆ. ಗುಡ್ಡದ ತಿರುವಿನಲ್ಲಿ ಅವಳು ಕೂಗಲಿಲ್ಲ.

ಅವಳ ಓದು ಅಲ್ಲಿಗೆ ನಿಲ್ಲಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಈಗ ಕದ್ರಾ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಳೆದ ಸಲ ರಜೆಗೆ ಬಂದವಳು ನೇರ ಅಂಗಡಿಗೆ ಬಂದು, ಆ ಹಲಗೆ ಇದೆಯಾ ಎಂದಳು. ತಪ್ಪಿರುವ ಚಿತ್ರ ಕೊಟ್ಟು ತಪ್ಪು ಹುಡುಕಿ ಎಂದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರಂತೆ. ಪ್ರತಿ ವರ್ಷ ಆ ಪಾಠ ಬಂದಾಗ ನನ್ನ ಕಥೆ ಹೇಳುತ್ತಾಳಂತೆ: ನಮ್ಮ ಅಣ್ಣ ಶಾಲೆ ಮುಗಿಸಿದವನಲ್ಲ, ಬೋಟಿನ ಕೆಲಸ ಬಲ್ಲವ, ಅವನಿಗೆ ತಿಳಿದಂತೆ ಪ್ರಾಮಾಣಿಕವಾಗಿ ಬಾಣ ಬರೆದ, ಕರೆಂಟಿನ ದಿಕ್ಕು ಬೇರೆ, ಎಲೆಕ್ಟ್ರಾನಿನ ದಿಕ್ಕು ಬೇರೆ ಎಂದು ನಾವು ಆ ದಿನ ಕಲಿತೆವು. ಮಕ್ಕಳಿಗೆ ನಾನೆಂದರೆ ಬಹಳ ಪ್ರೀತಿಯಂತೆ.

ನಾನು ಅಟ್ಟ ಹತ್ತಿ ಹಲಗೆ ಇಳಿಸಿದೆ. ಧೂಳು ಒರೆಸಿದರೆ ಕೆಂಪು ಬಣ್ಣ ನಿನ್ನೆ ಬಳಿದಂತಿತ್ತು. ಅದನ್ನು ಅವಳ ಕೈಗೆ ಕೊಡಬೇಕು, ಕೈ ಬಿಡಲಿಲ್ಲ.

"ನಾ ಬೆಳಗಾಮುಂಚೆ ಪುಸ್ತಕ ನೋಡಿದ್ದೆ," ಅಂದೆ. "ನೀ ಬಾವಿಕಟ್ಟೆಲಿದ್ದೆ. ಎರಡ್ ಬಾಣ ಕಂಡೆ. ತಪ್ಪಾಗ್ಯದೆ ಅಂತ ಗೊತ್ತಾಗಿತ್ತು ನಂಗೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಯಾವ ಬೆಳಿಗ್ಗೆ ಎಂದಳು. ಹೇಳಿದೆ. ಬಣ್ಣ ಇತ್ತು, ಸಮಯ ಇತ್ತು ಎಂಬುದನ್ನೂ ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತಳು. ಗಿರಾಕಿಯೊಬ್ಬ ಬಂದು ಬ್ಯಾಟರಿ ಚಾರ್ಜಿಗೆ ಇಟ್ಟು ಹೋದ.

"ಅಲ್ಲಿ ನಿನ್ನ ಕಡೆ ನೋಡ್ದೆ ನಾನು," ಅಂದಳು. "ಪಾಪ, ಅವಂಗೆ ಗೊತ್ತಿಲ್ಲ ಅಂದ್ಕಂಡೆ."

ನಾನು ಹಲಗೆಯನ್ನು ಗೋಡೆಗೆ ಒರಗಿಸಿದೆ. ಅವಳು ಹಲಗೆ ಒಯ್ಯಲಿಲ್ಲ. ಮೂರು ಗಂಟೆಯ ಬಸ್ಸಿಗೆ ಹೊರಟಳು. ನಿಲ್ದಾಣದ ತನಕ ನಾನು ಹೋದೆ, ಕಿಟಕಿಯಲ್ಲಿ ಕೂತವಳು ಕೈ ಬೀಸಿದಳು. ಆಮೇಲೆ ಫೋನು ಇಲ್ಲ. ಆಯಿಗೆ ಮಾಡುತ್ತಿದ್ದಳು, ನನ್ನನ್ನು ಕೇಳುತ್ತಿರಲಿಲ್ಲ.

ಈಗ ಮಳೆಗಾಲ. ಬೋಟುಗಳು ದಡದಲ್ಲಿವೆ, ನಾನು ದಿನವೂ ಬಂದರಿನಲ್ಲಿ. ನಿನ್ನೆ ಒಂದು ಬೋಟಿನ ಕೆಳಗೆ ಅಂಗಾತ ಮಲಗಿ ಸತುವಿನ ಗಟ್ಟಿ ಬಿಚ್ಚುತ್ತಿದ್ದಾಗ ಅವಳ ಫೋನು ಬಂತು. ಹಳೆಯ ಮಾತು ಎತ್ತಲಿಲ್ಲ. ಮುಂದಿನ ವಾರ ಆ ಪಾಠ ಇದೆ, ಸವೆದ ಗಟ್ಟಿ ಒಂದು ಬೇಕು ಎಂದಳು. ಕಥೆ ಈ ಸಲ ಹೇಗೆ ಹೇಳುತ್ತೀ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಹಲಗೆಯೂ ಬೇಕಾ ಎಂದೆ.

"ತಕ್ಕಂಡ್ ಬಾ," ಅಂದಳು. "ಬಾಣ ಮುಟ್ಟಬೇಡ. ಹಾಗೇ ಇರ್ಲಿ. ನೀನೇ ಬಂದು ಮಕ್ಕಳ ಹತ್ರ ಹೇಳು."

ಗಟ್ಟಿಯನ್ನು ತೊಳೆದು ಒಣಗಿಸಿಟ್ಟಿದ್ದೇನೆ. ಹಲಗೆಗೆ ಗೋಣಿ ಸುತ್ತಿ ಆಗಿದೆ. ಮಕ್ಕಳ ಮುಂದೆ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ, ಮೊದಲು ಇದನ್ನು ಬರೆದು ನೋಡಿದೆ.